‘ಇನ್ನಷ್ಟು ಓದಿ’ ಒತ್ತದವರಿಗೆ

ಅಕ್ಕನ ಮಗಳು ಮೂಡಿಗೆರೆಯ ಕಡೆಯವಳು. ಮನೆಯ ತೋಟದ ಕಾಫಿಯನ್ನು ಹುರಿದು, ಪುಡಿ ಮಾಡಿಸಿ, ಅರ್ಧ ಕೆ.ಜಿ. ಪ್ಯಾಕೆಟ್‌ಗಳಲ್ಲಿ ಆನ್‌ಲೈನ್‌ನಲ್ಲಿ ಮಾರುತ್ತಾಳೆ. ಒಂದು ಭಾನುವಾರ ಫೋನ್ ಮಾಡಿ, ‘ಮಾವ, ಜನ ಒಂದೇ ಒಂದು ಸ್ಟಾರ್ ಕೊಟ್ಟು ಹೋಗ್ತಿದಾರೆ. ಪುಡಿ ಚೆನ್ನಾಗಿಲ್ಲ ಅಂತ ಅಲ್ಲ, ಕರಗೋದೇ ಇಲ್ಲ ಅಂತ!’ ಅಂದಳು. ನಗಬೇಕೋ ಬೇಸರಪಡಬೇಕೋ ತಿಳಿಯಲಿಲ್ಲ. ಫಿಲ್ಟರ್ ಕಾಫಿ ಪುಡಿ ಎಲ್ಲಾದರೂ ಕರಗುತ್ತದೆಯೇ? ಅದರಿಂದ ಡಿಕಾಕ್ಷನ್ ಇಳಿಸಬೇಕು, ಗಸಿ ಫಿಲ್ಟರ್‌ನಲ್ಲೇ ಉಳಿಯಬೇಕು. ಕುದಿಸಿ ಇಳಿಸಿದ ಸತ್ವವನ್ನೇ ಕಾರ್ಖಾನೆಯಲ್ಲಿ ಒಣಗಿಸಿ ಮಾಡಿದ್ದು ಇನ್‌ಸ್ಟಂಟ್ ಪುಡಿ, ಹಾಗಾಗಿ ಅದು ಕರಗುತ್ತದೆ. ಇದು ಬೀಜವನ್ನೇ ಬೀಸಿದ್ದು. ಹಳೇ ಮೈಸೂರಿನ ಅಡುಗೆಮನೆಯಲ್ಲಿ ಬೆಳೆದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಚಹಾ ಕುಡಿದು ಬೆಳೆದವರಿಗೆ ಹೇಳಲೇಬೇಕು. ಅವರು ಬಿಸಿ ಹಾಲಿಗೆ ಒಂದು ಚಮಚ ಹಾಕಿ ಕಲಕಿದ್ದಾರೆ, ಬಾಯಿಗೆ ಮರಳು ಸಿಕ್ಕಂತಾಗಿದೆ, ಸಿಟ್ಟು ಬಂದಿದೆ.

‘ಫಿಲ್ಟರ್ ಬೇಕು ಅಂತ ಬರೆದಿಲ್ವಾ?’ ಎಂದು ಕೇಳಿದೆ. ‘ಬರೆದಿದೀನಿ ಮಾವ, ಮೊದಲನೇ ಪಾಯಿಂಟಲ್ಲೇ ಇದೆ’ ಅಂದಳು. ನಾನು ಲ್ಯಾಪ್‌ಟಾಪ್ ತೆರೆದು ನೋಡಿದೆ. ಅವಳು ಹೇಳಿದ್ದು ನಿಜ. ಚಿತ್ರದ ಪಕ್ಕದಲ್ಲೇ ಐದು ಅಂಶಗಳು ಸಾಲಾಗಿ, ಪೂರ್ತಿಯಾಗಿ ಕಾಣುತ್ತಿದ್ದವು. ಮೊದಲನೆಯದು ಹೀಗಿತ್ತು:

‘ಮಲೆನಾಡಿನ ಮಂಜು ಮುಸುಕಿದ ಗಿರಿಶ್ರೇಣಿಗಳ ನಡುವೆ ಮೂರು ತಲೆಮಾರುಗಳಿಂದ ಪ್ರೀತಿಯಿಂದ ಬೆಳೆದ, ಕೈಯಿಂದ ಆಯ್ದ, ಬಿಸಿಲಿನಲ್ಲಿ ಒಣಗಿಸಿ ಹದವಾಗಿ ಹುರಿದ ಅಪ್ಪಟ ಕಾಫಿ, ಫಿಲ್ಟರ್‌ನಲ್ಲಿ ಡಿಕಾಕ್ಷನ್ ಇಳಿಸಿ ಕುಡಿಯುವವರಿಗೆ.’

ಆಮೇಲೆ ಅದೇ ಪುಟವನ್ನು ಫೋನಿನಲ್ಲಿ ತೆರೆದೆ. ಮೊದಲು ಚಿತ್ರ, ಅದರ ಕೆಳಗೆ ಬೆಲೆ, ಆಮೇಲೆ ಬ್ಯಾಂಕಿನ ಕೊಡುಗೆ, ಪಿನ್‌ಕೋಡು, ಎಂದು ತಲುಪುತ್ತದೆ ಎಂಬುದು, ಕೊಳ್ಳುವ ಗುಂಡಿ. ಹೆಬ್ಬೆರಳಿನಿಂದ ಎರಡು ಸಲ ಸರಿಸಿದ ಮೇಲೆ ವಿವರ ಸಿಕ್ಕಿತು. ಅದೂ ಮೂರೇ ಸಾಲು. ‘ಮಲೆನಾಡಿನ ಮಂಜು ಮುಸುಕಿದ ಗಿರಿಶ್ರೇಣಿಗಳ ನಡುವೆ’ ಒಂದು ಸಾಲು. ‘ಮೂರು ತಲೆಮಾರುಗಳಿಂದ ಪ್ರೀತಿಯಿಂದ ಬೆಳೆದ, ಕೈಯಿಂದ’ ಎರಡನೆಯದು. ‘ಆಯ್ದ, ಬಿಸಿಲಿನಲ್ಲಿ ಒಣಗಿಸಿ ಹದವಾಗಿ ಹುರಿದ’ ಮೂರನೆಯದು. ಅಲ್ಲಿಗೆ ಮೂರು ಚುಕ್ಕಿ, ಪಕ್ಕದಲ್ಲಿ ನೀಲಿ ಬಣ್ಣದ ‘ಇನ್ನಷ್ಟು ಓದಿ’. ಫಿಲ್ಟರ್ ಮಾತು ಹಾಗಿರಲಿ, ಕಾಫಿ ಎಂಬ ಪದಕ್ಕೂ ಪರದೆಯಲ್ಲಿ ಜಾಗ ಸಿಕ್ಕಿರಲಿಲ್ಲ.

ಬರೆಯುವವರು ಕೂರುವುದು ಕಂಪ್ಯೂಟರ್ ಮುಂದೆ, ಕೊಳ್ಳುವವರು ನಿಂತಿರುವುದು ಬಸ್ಸಿನಲ್ಲಿ. ಕಂಪ್ಯೂಟರಿನ ಪರದೆ ಅಗಲವಾಗಿದ್ದು ಎಲ್ಲವನ್ನೂ ತೋರಿಸುವುದರಿಂದ ‘ಹೇಳಿದ್ದೇನಲ್ಲ’ ಎಂಬ ನೆಮ್ಮದಿ ಬರೆದವರಿಗೆ. ಫೋನಿನ ಪುಟ ಕಟ್ಟುವವರಿಗೆ ಇರುವುದು ಬೇರೆಯೇ ಚಿಂತೆ. ಕೊಳ್ಳುವ ಗುಂಡಿ ಕಣ್ಣಿಂದ ಮರೆಯಾಗಬಾರದು, ಪುಟ ಉದ್ದವಾಗಬಾರದು. ಹಾಗಾಗಿ ಬರಹವನ್ನು ಮಡಿಸಿಡುತ್ತಾರೆ. ಮಡಿಸುವ ಯಂತ್ರಕ್ಕೆ ಅರ್ಥ ಗೊತ್ತಿಲ್ಲ. ಸಾಲುಗಳನ್ನು ಎಣಿಸಿ, ಇಷ್ಟಾಯಿತು ಎಂದರೆ ಕತ್ತರಿಸುತ್ತದೆ, ಅಷ್ಟೆ.

ಎಷ್ಟು ಸಾಲಿಗೆ ಕತ್ತರಿಸುತ್ತದೆ ಎಂಬುದಕ್ಕೆ ಎಲ್ಲರಿಗೂ ಹೊಂದುವ ಲೆಕ್ಕವಿಲ್ಲ. ಒಂದು ಮಾರುತಾಣದಲ್ಲಿ ಎರಡು, ಇನ್ನೊಂದರಲ್ಲಿ ನಾಲ್ಕು. ಒಂದೇ ತಾಣದಲ್ಲೂ ಆ್ಯಪಿನಲ್ಲಿ ಒಂದು ಬಗೆ, ಫೋನಿನ ಬ್ರೌಸರಿನಲ್ಲಿ ಇನ್ನೊಂದು ಬಗೆ. ಸೀರೆಯ ಪುಟ ಒಂದು ರೀತಿ ಇದ್ದರೆ ದಿನಸಿಯ ಪುಟ ಬೇರೆ ರೀತಿ. ಮೇಲಾಗಿ, ಆಗಾಗ ಬದಲಾಗುತ್ತಲೂ ಇರುತ್ತದೆ. ನನ್ನ ಫೋನಿನಲ್ಲಿ ಒಂದು ಸಾಲಿಗೆ ಹೆಚ್ಚೆಂದರೆ 24 ಕನ್ನಡ ಅಕ್ಷರ ಹಿಡಿಯಿತು. ಅಕ್ಕ ಕಣ್ಣಿಗೆ ಅನುಕೂಲ ಎಂದು ಅಕ್ಷರ ದೊಡ್ಡದು ಮಾಡಿಟ್ಟುಕೊಂಡಿದ್ದಾಳೆ. ಅವಳ ಫೋನಿನಲ್ಲಿ 16 ದಾಟಲಿಲ್ಲ. ಮಗಳು ಬರೆದ ಮೊದಲ ಸಾಲು ಅಮ್ಮನ ಫೋನಿನಲ್ಲಿ ‘ಮಲೆನಾಡಿನ ಮಂಜು ಮುಸುಕಿದ’ ಎಂಬಲ್ಲಿಗೇ ಮುಗಿಯುತ್ತಿತ್ತು.

ಇದರ ಜೊತೆಗೆ ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಗೊಂದಲವಿದೆ. ನಾವು ಅಕ್ಷರ ಎನ್ನುವುದನ್ನು ಕಂಪ್ಯೂಟರ್ ಅಕ್ಷರ ಎಂದು ಎಣಿಸುವುದಿಲ್ಲ. ‘ಚಿಕ್ಕಮಗಳೂರು’ ನಮ್ಮ ಕಣ್ಣಿಗೆ ಆರಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಗುಡಿಸು, ಕೊಂಬು, ಒತ್ತಕ್ಷರದ ಗುಟ್ಟಾದ ಅರ್ಧಾಕ್ಷರ ಚಿಹ್ನೆ ಎಲ್ಲವೂ ಬೇರೆಬೇರೆಯಾಗಿ, ಒಟ್ಟು 11. ಬೈಟ್‌ಗಳಲ್ಲಿ ಅಳೆಯುವ ಪೆಟ್ಟಿಗೆಯಾದರೆ ಪ್ರತಿಯೊಂದಕ್ಕೂ ಮೂರರಂತೆ 33. ಅಮೆಜಾನ್ 2024ರಲ್ಲಿ ಹೊರಡಿಸಿದ ನಿಯಮಗಳಲ್ಲಿ ಒಂದೊಂದು ಅಂಶವೂ 255 ಅಕ್ಷರದೊಳಗಿರಬೇಕು ಎಂದಿದೆ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಅದು ಧಾರಾಳ. ಕನ್ನಡದಲ್ಲಿ ಬರೆದರೆ ಪೆಟ್ಟಿಗೆ ನಾವಂದುಕೊಂಡದ್ದಕ್ಕಿಂತ ಬೇಗ ತುಂಬುತ್ತದೆ. ಹಾಗೆಂದು ಈ 255ರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಅದು ಬರೆಯಲು ಸಿಗುವ ಜಾಗ ಮಾತ್ರ. ಕಾಣುವ ಜಾಗ ಅದಕ್ಕಿಂತ ಎಷ್ಟೋ ಚಿಕ್ಕದು.

ಮೊದಲ ಸಾಲಿನಲ್ಲಿ ಏನು ಬರೆಯಬೇಕೆಂದು ಮೇಜಿನ ಮುಂದೆ ಕುಳಿತು ಯೋಚಿಸಿದರೆ ಮಂಜು, ಗಿರಿ, ತಲೆಮಾರುಗಳೇ ಬರುತ್ತವೆ. ಅದರ ಬದಲು ಅವಳ ಪುಟದಲ್ಲಿ ಜನ ಕೇಳಿದ ಪ್ರಶ್ನೆಗಳನ್ನೂ ಕಡಿಮೆ ಸ್ಟಾರಿನ ವಿಮರ್ಶೆಗಳನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಲು ಹೇಳಿದೆ. ಹೊಗಳಿಕೆಯ ವಿಮರ್ಶೆ ಈ ಕೆಲಸಕ್ಕೆ ಬೇಡ. ವಾಟ್ಸ್‌ಆ್ಯಪ್‌ನಲ್ಲಿ ಆರ್ಡರ್ ಕೊಡುವವರು ಕೇಳುವ ಮೊದಲ ಪ್ರಶ್ನೆಯೂ ಹಾಳೆಗೆ ಬರಲಿ ಎಂದೆ. ಒಂದು ಸಂಜೆಯ ಕೆಲಸ. ಹೆಚ್ಚಿನವು ಮೂರೇ ಮಾತಿನ ಸುತ್ತ ಸುತ್ತುತ್ತಿದ್ದವು. ಕರಗುತ್ತದೆಯೇ? ಚಿಕೋರಿ ಎಷ್ಟು? ಜೊತೆಗೆ ಫಿಲ್ಟರ್ ಕೊಡುತ್ತೀರಾ? ತೋಟ ಎಷ್ಟು ಎತ್ತರದಲ್ಲಿದೆ, ಎಷ್ಟು ತಲೆಮಾರಿನಿಂದ ಬೆಳೆಯುತ್ತಿದ್ದೀರಿ ಎಂದು ಕೇಳಿದವರು ಒಬ್ಬರೂ ಇರಲಿಲ್ಲ.

ಊರಿನ ಕಾಫಿ ಅಂಗಡಿ ನೆನಪಿರುವವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಬೀಸುವ ಯಂತ್ರದ ಹಿಂದೆ ನಿಂತವನು ನಮ್ಮ ಮುಖ ನೋಡಿದ ಕೂಡಲೇ ಕೇಳುತ್ತಿದ್ದದ್ದು ‘ಪ್ಯೂರಾ, ಚಿಕೋರಿ ಹಾಕ್ಲಾ?’ ಎಂದು. ನಾವು ‘ಎಂಬತ್ತು ಇಪ್ಪತ್ತು’ ಎಂದರೆ ಮುಂದಿನ ಪ್ರಶ್ನೆ ‘ಫಿಲ್ಟರ್‌ಗೇ ತಾನೇ?’ ಅವನು ತನ್ನ ಬೀಜದ ಗುಣಗಾನ ಮಾಡುತ್ತಿರಲಿಲ್ಲ. ತಪ್ಪು ಪುಡಿ ಕೊಟ್ಟರೆ ನಾಳೆ ಬೆಳಿಗ್ಗೆ ಅದೇ ಪೊಟ್ಟಣ ವಾಪಸ್ ಬರುತ್ತದೆಂದು ಅವನಿಗೆ ಗೊತ್ತಿತ್ತು. ಆನ್‌ಲೈನ್‌ನಲ್ಲಿ ಆ ಎರಡು ಪ್ರಶ್ನೆ ಕೇಳುವವರು ಯಾರೂ ಇಲ್ಲ, ಆ ಕೆಲಸವನ್ನು ಮೊದಲ ಸಾಲೇ ಮಾಡಬೇಕು. ಯಾವುದು ತಿಳಿಯದೆ ಹೋದರೆ ತಪ್ಪು ಮನುಷ್ಯ ಕೊಂಡುಬಿಡುತ್ತಾನೋ, ಇಲ್ಲವೇ ಸರಿಯಾದ ಮನುಷ್ಯ ಕೊಳ್ಳದೆ ಹೋಗುತ್ತಾನೋ, ಆ ಮಾತಿಗೇ ಅಲ್ಲಿ ಜಾಗ.

ಶೀರ್ಷಿಕೆಯಲ್ಲಿ ಬಂದದ್ದನ್ನು ಮತ್ತೆ ಹೇಳುವುದು ದಂಡ. ತೂಕ ಅಲ್ಲಿದೆ, ಬ್ರ್ಯಾಂಡಿನ ಹೆಸರು ಅಲ್ಲಿದೆ. ಬೆಲೆ ಅದರ ಕೆಳಗೇ ಇದೆ. ತಯಾರಾದ ದೇಶ, ನಿವ್ವಳ ತೂಕದಂಥವನ್ನು ತೋರಿಸಬೇಕೆಂದು ಕಾನೂನೇ ಹೇಳುವುದರಿಂದ ಪಟ್ಟಿಯಲ್ಲಿ ಅವು ಬಂದೇ ಬರುತ್ತವೆ. ಚಿತ್ರವೂ ಶೀರ್ಷಿಕೆಯೂ ಹೇಳಲಾರದ್ದೇನು ಎಂದು ಕೇಳಿಕೊಂಡರೆ ಸಾಕು, ಮೊದಲ ಸಾಲು ತಾನಾಗಿ ಹೊರಬರುತ್ತದೆ. ಅವಳ ಶೀರ್ಷಿಕೆಯಲ್ಲಿ ‘ಫಿಲ್ಟರ್ ಕಾಫಿ’ ಎಂದೇ ಇತ್ತು, ಆದರೂ ಜನ ಕಲಕಿದರು. ಏಕೆಂದರೆ ಫಿಲ್ಟರ್ ಎಂಬುದು ನಮಗೆ ಒಂದು ಪಾತ್ರೆ. ಅದನ್ನು ನೋಡೇ ಇರದವರಿಗೆ ಅದೊಂದು ರುಚಿಯ ಹೆಸರು.

ಅವಳು ಎರಡನೇ ಸಲ ಬರೆದು ಕಳಿಸಿದಳು. ಈ ಸಲ ಮಂಜು ಇರಲಿಲ್ಲ, ವಿಷಯಕ್ಕೇ ಬಂದಿದ್ದಳು:

‘ಬಿಸಿ ಹಾಲಿಗೆ ಒಂದು ಚಮಚ ಹಾಕಿ ಕಲಕಿದ ಕೂಡಲೇ ಕರಗಿ ನಿಮಿಷದೊಳಗೆ ಕಾಫಿ ಸಿದ್ಧವಾಗುವ, ಪೇಟೆಯ ಅಂಗಡಿಗಳಲ್ಲಿ ಸಿಗುವ ಇನ್‌ಸ್ಟಂಟ್ ಪುಡಿಯಂಥದ್ದು ಇದಲ್ಲ.’

ವಾಕ್ಯ ಚೆನ್ನಾಗಿದೆ, ವ್ಯಾಕರಣ ಸರಿ, ಮಾತು ನಿಜ. ಫೋನಿನಲ್ಲಿ ನೋಡಿದರೆ ಮೂರನೇ ಸಾಲು ‘ಪೇಟೆಯ ಅಂಗಡಿಗಳಲ್ಲಿ ಸಿಗುವ ಇನ್‌ಸ್ಟಂಟ್…’ ಎಂದು ನಿಂತಿತ್ತು. ಮೊದಲಿನ ಸಾಲು ಏನನ್ನೂ ಹೇಳುತ್ತಿರಲಿಲ್ಲ. ಇದು ತದ್ವಿರುದ್ಧವನ್ನೇ ಹೇಳುತ್ತಿತ್ತು! ಕರಗುತ್ತದೆಂದು ನಂಬಿಸಲು ಇದಕ್ಕಿಂತ ಒಳ್ಳೆಯ ಮೂರು ಸಾಲು ಬರೆಯುವುದು ಕಷ್ಟ.

ಇಲ್ಲಿ ಅವಳ ತಪ್ಪಿಗಿಂತ ನಮ್ಮ ಭಾಷೆಯ ಜಾಯಮಾನದ ಪಾತ್ರ ದೊಡ್ಡದು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಅದರ ಬೆನ್ನಿಗೆ ಅಲ್ಲ, ಇಲ್ಲ, ಬೇಡ, ಬಾರದು. ವಾಕ್ಯ ಎತ್ತ ತಿರುಗುತ್ತದೆಂಬುದು ಕೊನೆಯ ಪದದವರೆಗೂ ಗುಟ್ಟು. ವಿಶೇಷಣಗಳನ್ನು ಒಂದರ ಹಿಂದೊಂದು ಪೋಣಿಸಿ, ಹೆಸರನ್ನು ಕೊನೆಗೆ ಇಡುವುದೂ ನಮ್ಮ ಅಭ್ಯಾಸವೇ. ‘ಬೆಳೆದ, ಆಯ್ದ, ಒಣಗಿಸಿ ಹುರಿದ’ ಎಂದಾದ ಮೇಲೆ ‘ಕಾಫಿ’ ಬರುತ್ತದೆ. ಹರಿಕಥೆಗೆ ಇದು ಚೆಂದ, ಕೇಳುವವರು ಕೊನೆಯವರೆಗೂ ಕೂತಿರುತ್ತಾರೆ. ಮೂರು ಸಾಲಿಗೆ ಕತ್ತರಿ ಬೀಳುವ ಜಾಗದಲ್ಲಿ ಅದೇ ಮುಳುವಾಗುತ್ತದೆ. ಇಂಗ್ಲಿಷಿನಲ್ಲಿ ನಿಷೇಧದ ಪದ ಮೊದಲೇ ಬರುವುದರಿಂದ ಅವರ ಸಾಲು ತುಂಡಾದರೂ ಅರ್ಥ ತಿರುಗುಮುರುಗಾಗುವುದು ಕಡಿಮೆ. ಬಾಲ ಹೋಗುತ್ತದೆ, ತಲೆ ಉಳಿಯುತ್ತದೆ. ನಮ್ಮಲ್ಲಿ ತಲೆಯೇ ಹೋಗುತ್ತದೆ. ಹಾಗಾಗಿ ಇಂಗ್ಲಿಷಿನ ಸಲಹೆಗಳನ್ನು ಓದಿಕೊಂಡು ಕನ್ನಡದ ಪುಟ ಬರೆಯುವವರು ಈ ಒಂದು ಜಾಗದಲ್ಲಿ ಎಡವುತ್ತಾರೆ.

ಪರಿಹಾರ ಭಾಷೆಯೊಳಗೇ ಇದೆ. ಕ್ರಿಯಾಪದವಿಲ್ಲದ ವಾಕ್ಯ ಕನ್ನಡಕ್ಕೆ ಹೊಸದಲ್ಲ. ‘ಇವರು ನಮ್ಮ ಮೇಷ್ಟ್ರು’, ‘ಇದು ರಾಗಿ, ಅದು ಸಜ್ಜೆ’ ಎಂದು ದಿನವೂ ಆಡುತ್ತೇವೆ. ಸಂತೆಯ ಹಲಗೆಗಳ ಮೇಲೆ ‘ಮನೆ ತುಪ್ಪ, ಹಸುವಿನದು’ ಎಂದು ಬರೆದಿರುತ್ತಾರೆ. ಅದೇ ಜಾಡು ಇಲ್ಲಿಗೂ ಹೊಂದುತ್ತದೆ. ಹೆಸರು ಮೊದಲು, ಗುಣ ಆಮೇಲೆ. ಒಂದು ವಾಕ್ಯಕ್ಕೆ ಒಂದೇ ವಿಷಯ. ಅಲ್ಲ, ಇಲ್ಲ ಎನ್ನಬೇಕಾದರೆ ಎರಡು ಪದದೊಳಗೆ ಹೇಳಿ ಮುಗಿಸಬೇಕು, ಅದರ ನಡುವೆ ಕತ್ತರಿ ಹೋಗಲು ಸಂದು ಬಿಡಬಾರದು. ‘ಇನ್‌ಸ್ಟಂಟ್ ಅಲ್ಲ.’ ಇಷ್ಟೇ.

‘ಅಲ್ಲ ಅಂತ ಶುರು ಮಾಡಿದ್ರೆ ಯಾರು ತಗೋತಾರೆ ಮಾವ? ಅಪಶಕುನದ ಹಾಗಿರತ್ತೆ’ ಎಂದು ಅವಳು ತಕರಾರು ತೆಗೆದಳು. ತಕರಾರಿನಲ್ಲಿ ಹುರುಳಿತ್ತು. ಫಿಲ್ಟರ್ ಇಟ್ಟುಕೊಂಡವರು ಆ ಪದವನ್ನು ಕಂಡ ಕೂಡಲೇ ‘ಇದು ನಮಗೇ’ ಎಂದುಕೊಳ್ಳುತ್ತಾರೆ, ಅವರನ್ನು ಮೊದಲು ಕರೆಯೋಣ. ಇಲ್ಲದವರಿಗೆ ಅದರ ಬೆನ್ನಿಗೇ ಎಚ್ಚರಿಕೆ. ಇಬ್ಬರೂ ಸೇರಿ ಇಳಿಸಿದ್ದು ಹೀಗೆ:

‘ಫಿಲ್ಟರ್‌ನಲ್ಲಿ ಡಿಕಾಕ್ಷನ್ ಇಳಿಸುವ ಪುಡಿ, ಇನ್‌ಸ್ಟಂಟ್ ಅಲ್ಲ. ಕಾಫಿ 80%, ಚಿಕೋರಿ 20%.’

ಹತ್ತು ಪದ. ನನ್ನ ಫೋನಿನಲ್ಲಿ ಮೂರು ಸಾಲಿಗೆ ಮುಗಿಯಿತು. ಅಕ್ಕನ ಫೋನಿನ ದೊಡ್ಡ ಅಕ್ಷರದಲ್ಲಿ ಚಿಕೋರಿಯ ಲೆಕ್ಕ ಮಡಿಕೆಯೊಳಗೆ ಹೋಯಿತು, ‘ಇನ್‌ಸ್ಟಂಟ್ ಅಲ್ಲ’ ಉಳಿಯಿತು. ತುಂಡಾದರೂ ಉಳಿದ ಭಾಗ ಸುಳ್ಳು ಹೇಳಬಾರದು ಎಂಬುದಷ್ಟೇ ನಾನು ಹಾಕುವ ಷರತ್ತು. ಮೊದಲ ಸಾಲಿನ ಕೊನೆಗೆ ನಿಲ್ಲಿಸಿ ಓದಿ, ಎರಡನೆಯದರ ಕೊನೆಗೆ ನಿಲ್ಲಿಸಿ ಓದಿ. ಎಲ್ಲಿ ನಿಂತರೂ ನಿಜವೇ ಆಗಿರಬೇಕು.

ಚಿಕೋರಿಯ ಪ್ರಮಾಣವನ್ನು ಅಷ್ಟು ಮೇಲೆ ತಂದದ್ದಕ್ಕೆ ಕಾರಣವಿದೆ. ಚಿಕೋರಿ ಒಂದು ಗಿಡದ ಬೇರು. ಹುರಿದು ಬೆರೆಸಿದರೆ ಡಿಕಾಕ್ಷನ್ ಗಟ್ಟಿಯಾಗುತ್ತದೆ, ಬಣ್ಣ ಕಪ್ಪಾಗುತ್ತದೆ. ಕೆಲವರಿಗೆ ಅದಿಲ್ಲದೆ ಕಾಫಿಯೇ ಅಲ್ಲ, ಕೆಲವರು ವಾಸನೆಗೇ ಮುಖ ತಿರುಗಿಸುತ್ತಾರೆ. ಮಿಶ್ರಣದಲ್ಲಿ ಕಾಫಿ ಕನಿಷ್ಠ 51 ಭಾಗ ಇರಬೇಕು, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಮುದ್ರಿಸಬೇಕು ಎಂಬುದು ದೇಶದ ಆಹಾರ ನಿಯಮ. ಪೊಟ್ಟಣದ ಮೇಲೆ ಹೇಗೂ ಇರುವುದನ್ನು ಪುಟದ ಮೇಲೆ ಬಚ್ಚಿಟ್ಟು ಪ್ರಯೋಜನವಿಲ್ಲ. ಮನೆಗೆ ಬಂದ ಮೇಲೆ ಓದಿ ಸಿಟ್ಟಾಗುವವರು ವಿಮರ್ಶೆ ಬರೆಯುವುದರಲ್ಲಿ ಬಹಳ ಚುರುಕು.

ಅವಳ ಹಳೆಯ ಸಾಲಿನಲ್ಲಿದ್ದ ‘ಅಪ್ಪಟ’ ಕೂಡ ಹೋಯಿತು. ‘ಶುದ್ಧ’ ಎಂಬ ಮಾತನ್ನು ಬೇರೇನೂ ಸೇರದ, ಒಂದೇ ಪದಾರ್ಥದ ಆಹಾರಕ್ಕೆ ಮಾತ್ರ ಬಳಸಬೇಕು ಎಂದು 2018ರ ಆಹಾರ ಜಾಹೀರಾತು ನಿಯಮಗಳು ಹೇಳುತ್ತವೆ. ಐದಕ್ಕೊಂದು ಪಾಲು ಚಿಕೋರಿ ಇರುವ ಪುಡಿಗೆ ಶುದ್ಧ, ಅಪ್ಪಟ, ನೂರಕ್ಕೆ ನೂರು ಎನ್ನುವುದು ಸಲ್ಲದು. ಚಿಕ್ಕಮಗಳೂರು ಅರೇಬಿಕಾಕ್ಕೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆಯಲ್ಲ, ಅದನ್ನಾದರೂ ಮೊದಲಿಗೆ ಹಾಕೋಣವೇ ಎಂದಳು. ಅವಳ ಪುಡಿಯಲ್ಲಿ ರೊಬಸ್ಟಾ ಕೂಡ ಇದೆ, ಹಾಗಾಗಿ ಅದೂ ಆಗಲಿಲ್ಲ. ಮೂರು ತಲೆಮಾರು ಮತ್ತು ಮಂಜು ಈಗ ಐದನೇ ಅಂಶದಲ್ಲಿ ಹಾಯಾಗಿವೆ. ಅಲ್ಲಿಯವರೆಗೆ ಓದುವವರಿಗೆ ಅವು ಇಷ್ಟವೇ ಆಗುತ್ತವೆ.

ಅಂಶಗಳ ಆರಂಭಕ್ಕೆ ತಲೆಬರಹ ಕೊಟ್ಟು ಎರಡು ಚುಕ್ಕಿ ಇಡುವ ರೂಢಿಯೊಂದಿದೆ. ರೂಢಿ ಕೆಟ್ಟದ್ದಲ್ಲ, ಅಮೆಜಾನಿನ ನಿಯಮವೂ ಅದಕ್ಕೆ ಅಡ್ಡಿ ಮಾಡುವುದಿಲ್ಲ. ಆದರೆ ಆ ತಲೆಬರಹ ‘ಅತ್ಯುತ್ತಮ ಗುಣಮಟ್ಟ:’ ಎಂದೋ ‘ಗ್ರಾಹಕರ ಮೆಚ್ಚುಗೆ:’ ಎಂದೋ ಇದ್ದರೆ ಸಿಕ್ಕ ಮೂರು ಸಾಲಿನಲ್ಲಿ ಅರ್ಧ ಸಾಲು ಹೋಯಿತು. ಅದೇ ಜಾಗದಲ್ಲಿ ‘ಫಿಲ್ಟರ್‌ಗೆ ಮಾತ್ರ:’ ಎಂದರೆ ತಲೆಬರಹವೇ ಸುದ್ದಿ ಹೇಳಿ ಮುಗಿಸುತ್ತದೆ. ಎಲೆ, ಬೆಂಕಿ, ನಕ್ಷತ್ರಗಳ ಪುಟ್ಟ ಚಿತ್ರಗಳನ್ನು ಅಂಶಗಳಲ್ಲಿ ಹಾಕುವುದನ್ನು ಅಮೆಜಾನ್ ಅದೇ 2024ರ ನಿಯಮಗಳಲ್ಲಿ ನಿಷೇಧಿಸಿತು. ಒಳ್ಳೆಯದೇ ಆಯಿತು ಅನ್ನಿಸುತ್ತದೆ ನನಗೆ.

ಅಂಶಗಳಲ್ಲದೆ ವಿವರಣೆ ಎಂಬ ಇನ್ನೊಂದು ಭಾಗವಿದೆ, ಪ್ಯಾರಾ ರೂಪದ್ದು. ಅದೂ ಮಡಿಕೆಯಲ್ಲೇ ಇರುತ್ತದೆ, ಮೊದಲ ಎರಡು ಮೂರು ಸಾಲು ಮಾತ್ರ ಹೊರಗೆ. ಮೊದಲ ಅಂಶವನ್ನೇ ಇಲ್ಲಿ ನಕಲು ಮಾಡಬೇಕೆ, ಬೇರೆ ಬರೆಯಬೇಕೆ? ಫೋನಿನಲ್ಲಿ ಕೆಲವು ಬಗೆಯ ವಸ್ತುಗಳಿಗೆ ಅಂಶಗಳು ಮೊದಲು ಬರುತ್ತವೆ, ಕೆಲವಕ್ಕೆ ವಿವರಣೆಯೇ ಮೇಲಿರುತ್ತದೆ. ಯಾವುದು ಮೊದಲು ಕಣ್ಣಿಗೆ ಬೀಳುತ್ತದೆಂದು ಮಾರುವವರ ಕೈಯಲ್ಲಿಲ್ಲ. ಹಾಗಾಗಿ ಎರಡರ ತಲೆಯೂ ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ‘ಮೇಲೆ ಹೇಳಿದಂತೆ’ ಎನ್ನುವ ಹಾಗಿಲ್ಲ, ಮೇಲೆ ಏನಿದೆಯೋ ಯಾರಿಗೆ ಗೊತ್ತು. ಮುಖ್ಯ ಸಂಗತಿ ಎರಡೂ ಕಡೆ ಬರಲಿ, ಮಾತು ಮಾತ್ರ ಬೇರೆ ಇರಲಿ. ಅವಳ ವಿವರಣೆಗೆ ನಾವು ಕೊಟ್ಟ ಆರಂಭ ಇದು:

‘ಫಿಲ್ಟರ್‌ನ ಮೇಲಿನ ಬಟ್ಟಲಿಗೆ ಮೂರು ಚಮಚ ಪುಡಿ, ಕುದಿ ಬಂದ ನೀರು. ಕಾಲು ಗಂಟೆಗೆ ಡಿಕಾಕ್ಷನ್ ಇಳಿಯುತ್ತದೆ.’

ಇಲ್ಲಿ ‘ಅಲ್ಲ’ ಎಂಬ ಮಾತೇ ಇಲ್ಲ. ಮಾಡುವ ಕ್ರಮವನ್ನು ಕಂಡವರಿಗೆ ಇದು ಚಮಚ ಹಾಕಿ ಕಲಕುವ ವಸ್ತುವಲ್ಲ ಎಂದು ತಾನಾಗಿ ತಿಳಿಯುತ್ತದೆ. ಎಚ್ಚರಿಕೆಯನ್ನು ಎಚ್ಚರಿಕೆಯಂತೆ ಕಾಣದ ಹಾಗೆ ಹೇಳಲು ಇದಕ್ಕಿಂತ ಸುಲಭದ ದಾರಿ ನನಗೆ ಕಂಡಿಲ್ಲ.

ಮಡಿಕೆಯ ಸಮಸ್ಯೆ ಅಂಗಡಿಯ ಪುಟಗಳದ್ದು ಮಾತ್ರವಲ್ಲ. ಗೂಗಲ್ ಪ್ಲೇ ಸ್ಟೋರ್ ಆ್ಯಪಿನ ದೀರ್ಘ ವಿವರಣೆಗೆ 4000 ಅಕ್ಷರ ಕೊಟ್ಟು, ಅದರ ಮುಂದೆ ನಿಲ್ಲಿಸಲು 80 ಅಕ್ಷರದ ಕಿರು ವಿವರಣೆಯನ್ನು ಬೇರೆಯಾಗಿ ಬರೆಸುತ್ತದೆ. ಇಬೇ ತಾಣದಲ್ಲಿ ಮಾರುವವರು ಫೋನಿಗೆಂದೇ 800 ಅಕ್ಷರದೊಳಗಿನ ಸಾರಾಂಶ ಬರೆಯಬಹುದು, ಬರೆಯದಿದ್ದರೆ ಉದ್ದ ವಿವರಣೆಯಿಂದ ಯಂತ್ರವೇ ಹೆಕ್ಕಿಕೊಳ್ಳುತ್ತದೆ. ಹೀಗೆ ಬೇರೆ ಪೆಟ್ಟಿಗೆ ಕೊಡುವ ಕಡೆ ಬದುಕು ಸಲೀಸು. ಕೊಡದ ಕಡೆ ನಮ್ಮ ಮೊದಲ ಸಾಲೇ ಆ ಪೆಟ್ಟಿಗೆ.

ನಮ್ಮ ಊರುಗಳ ಸಣ್ಣ ಮಾರಾಟಗಾರರು ಹೆಚ್ಚು ನೆಚ್ಚಿರುವ ವಾಟ್ಸ್‌ಆ್ಯಪ್ ಕ್ಯಾಟಲಾಗ್ ಇನ್ನೂ ಬಿಗಿ. ಪಟ್ಟಿಯಲ್ಲಿ ಹೆಸರು, ಬೆಲೆ, ನಡುವೆ ವಿವರಣೆಯ ಒಂದು ಚೂರು. ಅಲ್ಲಿ ಪ್ರತಿ ವಸ್ತುವಿನ ಪ್ರಶ್ನೆಯೂ ಬೇರೆ. ಇಳಕಲ್ ಸೀರೆಗೆ ‘ಒಡಲು ಹತ್ತಿ, ಸೆರಗು ರೇಷ್ಮೆ’ ಎಂದು ಮೊದಲಿಗೆ ಬೇಕು, ಚಿತ್ರದಲ್ಲಿ ಅದು ತಿಳಿಯುವುದಿಲ್ಲ. ಚನ್ನಪಟ್ಟಣದ ಗೊಂಬೆಗೆ ಎತ್ತರ ಎಷ್ಟು ಸೆಂಟಿಮೀಟರ್ ಎಂಬುದು ಬೇಕು. ಬಿಳಿ ಹಿನ್ನೆಲೆಯ ಫೋಟೊದಲ್ಲಿ ಹೆಬ್ಬೆರಳಿನಷ್ಟರ ಗೊಂಬೆಯೂ ಮೊಳದುದ್ದ ಕಾಣುತ್ತದೆ. ಅಪ್ಪೆಮಿಡಿ ಉಪ್ಪಿನಕಾಯಿಗೆ ಎಣ್ಣೆ ಹಾಕಿದ್ದೋ ಉಪ್ಪುನೀರಿನದೋ ಎಂಬುದು. ಮೂರಕ್ಕೂ ‘ಸಾಂಪ್ರದಾಯಿಕ ಸೊಬಗು’ ಎಂದು ಬರೆಯಬಹುದು, ಮೂರಕ್ಕೂ ಅದರಿಂದ ಉಪಯೋಗವಿಲ್ಲ.

ಬರೆದದ್ದು ಸರಿಯಾಗಿದೆಯೇ ಎಂದು ತಿಳಿಯಲು ನಾನು ಮಾಡುವ ಪರೀಕ್ಷೆ ಒಂದೇ. ಪುಟವನ್ನು ಫೋನಿನಲ್ಲಿ ತೆರೆದು, ‘ಇನ್ನಷ್ಟು ಓದಿ’ ಒತ್ತದೆ, ಪರದೆಯ ಚಿತ್ರ ತೆಗೆದು, ಆ ವಸ್ತುವಿನ ಗಂಧವೇ ಇಲ್ಲದ ಒಬ್ಬರಿಗೆ ಕಳಿಸುವುದು. ‘ಇದನ್ನು ಹೇಗೆ ಬಳಸುತ್ತೀರಿ?’ ಎಂದು ಕೇಳುವುದು. ‘ಚೆನ್ನಾಗಿದೆಯೇ?’ ಎಂದು ಕೇಳಬಾರದು. ಚೆನ್ನಾಗಿದೆ ಎಂದೇ ಹೇಳುತ್ತಾರೆ, ಎಲ್ಲರೂ ಒಳ್ಳೆಯವರು. ನಮ್ಮ ಕಾಫಿಯ ಚಿತ್ರವನ್ನು ನಾನು ಕಳಿಸಿದ್ದು ಬಾಗಲಕೋಟೆಯ ಗೆಳೆಯನಿಗೆ, ಹುಟ್ಟಾ ಚಹಾ ಪ್ರಿಯ. ಹಳೆಯ ಸಾಲಿಗೆ ಅವನ ಉತ್ತರ ‘ಹಾಲಿಗೆ ಹಾಕೋದು’. ಹೊಸದಕ್ಕೆ ಉತ್ತರ ‘ಅದೇನೋ ಫಿಲ್ಟರ್ ಬೇಕಂತಲ್ಲಪಾ, ನಮ್ಮನ್ಯಾಗ ಇಲ್ಲ’. ಗೆಳೆಯ ಕೊಳ್ಳಲಿಲ್ಲ. ಆ ಸಾಲು ಮಾಡಬೇಕಾದ ಕೆಲಸ ಅದೇ.

ಬದಲಾವಣೆಯ ಫಲ ನೋಡಬೇಕೆಂದರೆ ಮೊದಲ ಸಾಲನ್ನು ಮಾತ್ರ ಬದಲಿಸಿ ಕೆಲವು ವಾರ ಬಿಡಬೇಕು. ಬೆಲೆ, ಫೋಟೊ, ಶೀರ್ಷಿಕೆ ಎಲ್ಲವನ್ನೂ ಒಟ್ಟಿಗೆ ಮುಟ್ಟಿದರೆ ಯಾವುದರಿಂದ ಏನಾಯಿತೆಂದು ಹೇಳಲು ಬರುವುದಿಲ್ಲ. ದೀಪಾವಳಿಯ ರಿಯಾಯಿತಿ ಮಾರಾಟದ ವಾರದಲ್ಲಂತೂ ಬೇಡ, ಆಗ ಏನು ಬರೆದರೂ ಹೋಗುತ್ತದೆ. ಆರ್ಡರ್ ಹೆಚ್ಚಾಯಿತೇ ಎಂಬುದಕ್ಕಿಂತ ‘ಕರಗುವುದಿಲ್ಲ’ ಎಂಬ ದೂರು ನಿಂತಿತೇ ಎಂಬುದನ್ನು ಗಮನಿಸಬೇಕು. ತಪ್ಪಿ ಕೊಳ್ಳುತ್ತಿದ್ದವರು ಬಿಟ್ಟುಹೋದರೆ ಆರ್ಡರ್ ಮೊದಲಿಗೆ ತುಸು ಇಳಿಯಲೂಬಹುದು. ಅವಳಿಗೆ ಹಾಗೇ ಆಯಿತು, ಎರಡು ವಾರ ನನ್ನ ಮೇಲೆ ಮುನಿಸಿಕೊಂಡಿದ್ದಳು.

ಮೊದಲ ಸಾಲಿನಿಂದ ಆಗದ ಕೆಲಸವೂ ಇದೆ. ದೂರು ಕಡಿಮೆಯಾದವು, ಪೂರ್ತಿ ನಿಲ್ಲಲಿಲ್ಲ. ಯಾಕೆಂದು ಹುಡುಕಿದರೆ ಪುಟದ ಎರಡನೇ ಫೋಟೊದಲ್ಲಿ ಬಿಳಿ ಪಿಂಗಾಣಿ ಕಪ್ಪು, ನೊರೆ ತುಂಬಿದ ಕಾಫಿ, ಪಕ್ಕದಲ್ಲಿ ಪುಡಿ ತುಂಬಿದ ಚಮಚ! ಚಿತ್ರ ‘ಹಾಕಿ ಕಲಕಿ’ ಎನ್ನುತ್ತಿರುವಾಗ ಹತ್ತು ಪದಗಳ ಮಾತು ಯಾರು ಕೇಳುತ್ತಾರೆ? ಅದನ್ನು ತೆಗೆದು ಅಕ್ಕನ ಅಡುಗೆಮನೆಯ ಸ್ಟೀಲ್ ಫಿಲ್ಟರ್‌ನ ಫೋಟೊ ಹಾಕಿದೆವು. ಮೇಲಿನ ಬಟ್ಟಲು ಎತ್ತಿ ಹಿಡಿದಿದ್ದಾಳೆ, ಕೆಳಗಿನದರಲ್ಲಿ ಡಿಕಾಕ್ಷನ್.

ಈಗ ಬರುವ ಸಂದೇಶಗಳಲ್ಲಿ ಕರಗುವ ಮಾತು ಅಪರೂಪ. ಹೊಸದಾಗಿ ಶುರುವಾಗಿರುವುದು ಬೇರೆ: ‘ಫೋಟೊದಲ್ಲಿ ಫಿಲ್ಟರ್ ಇತ್ತು, ಪ್ಯಾಕೆಟ್‌ನಲ್ಲಿ ಬರಲೇ ಇಲ್ಲ.’ ಅವಳ ಎರಡನೇ ಅಂಶ ಈಗ ‘ಫಿಲ್ಟರ್ ಜೊತೆಗಿಲ್ಲ’ ಎಂದು ಶುರುವಾಗುತ್ತದೆ.